ಸಕ್ಕರೆ ಮುಗಿಯಿತು, ಆಲ್ಕೋಹಾಲ್ ಬರಲಿಲ್ಲ: ಒಂದು ಕಾಕಂಬಿ ಡಿಸ್ಟಿಲರಿಯ ಪ್ರಕರಣ

ಪೀಣ್ಯದ ನಮ್ಮ ಲ್ಯಾಬಿನಲ್ಲಿ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನು ಗಾಜಿನ ನಳಿಗೆಯೊಂದನ್ನೇ ನೋಡುತ್ತ ಕೂತಿದ್ದೆ. ಒಳಗೆ ತಣ್ಣಗಿನ ಸ್ಪಿರಿಟ್, ಅದಕ್ಕೆ ಹಾಕಿದ ಸ್ವಲ್ಪ ಪೊಟ್ಯಾಶಿಯಂ ಪರ್ಮ್ಯಾಂಗನೇಟ್. ಸ್ಪಿರಿಟ್ ಶುದ್ಧವಾಗಿದ್ದರೆ ಆ ನೇರಳೆ ಗುಲಾಬಿ ಬಣ್ಣ ಅರ್ಧ ಗಂಟೆಯಾದರೂ ನಿಲ್ಲಬೇಕು. ಆಲ್ಡಿಹೈಡ್‌ನಂಥ ಕಲ್ಮಶ ಇದ್ದರೆ ಪರ್ಮ್ಯಾಂಗನೇಟ್ ಅದರ ಜೊತೆ ಸೇರಿ ಖರ್ಚಾಗುತ್ತದೆ. ಬಣ್ಣ ಮೊದಲು ಮಾಸುತ್ತದೆ, ಆಮೇಲೆ ಹಳದಿ ಕಡೆಗೆ ತಿರುಗುತ್ತದೆ. ಈ ಸ್ಯಾಂಪಲ್‌ನಲ್ಲಿ ಒಂಬತ್ತನೇ ನಿಮಿಷಕ್ಕೇ ತಿರುಗಿತು.

ಸ್ಯಾಂಪಲ್ ಕಳಿಸಿದ್ದು ಬೆಂಗಳೂರಿನ ಒಂದು ಔಷಧ ಕಂಪನಿ. ಅವರಿಗೆ ಸ್ಪಿರಿಟ್ ಕೊಡುತ್ತಿದ್ದ ಡಿಸ್ಟಿಲರಿ ಊರಿಂದ ಎರಡೂವರೆ ಗಂಟೆ ದೂರದಲ್ಲಿದೆ. ಕಂಪನಿಯವರು ಲಾರಿ ವಾಪಸ್ ಕಳಿಸಿದರು. ಮರುದಿನ ಡಿಸ್ಟಿಲರಿಯ ಮ್ಯಾನೇಜರ್ ನಮಗೆ ಫೋನ್ ಮಾಡಿದರು. ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಹೇಗೆ ನಡೆಯುತ್ತಿತ್ತು

ಅದು ದಿನಕ್ಕೆ 200 ಟನ್ ಕಾಕಂಬಿ ಬಳಸುವ ಡಿಸ್ಟಿಲರಿ. ಕಬ್ಬಿನ ಹಾಲಿನಿಂದ ತೆಗೆಯಬಹುದಾದ ಸಕ್ಕರೆಯನ್ನೆಲ್ಲ ಹರಳು ಮಾಡಿ ತೆಗೆದ ಮೇಲೆ ಕೊನೆಗೆ ಉಳಿಯುವ ಕಪ್ಪು, ಮಂದ ಪಾಕವೇ ಕಾಕಂಬಿ. ಇನ್ನು ಹರಳು ಕಟ್ಟುವುದಿಲ್ಲ ಅನ್ನುವುದು ಬಿಟ್ಟರೆ ಅದರಲ್ಲಿ ಸಕ್ಕರೆ ಸಾಕಷ್ಟಿರುತ್ತದೆ. ಇವರ ಕಾಕಂಬಿಯಲ್ಲಿ ಒಟ್ಟು ಸಕ್ಕರೆ 47 ಶೇಕಡಾ ಇತ್ತು. ಆ 47ರಲ್ಲಿ 4 ಮಾತ್ರ ಯೀಸ್ಟ್ ಮುಟ್ಟದ ಭಾಗ. ಬಿಸಿಗೆ ಕೆಟ್ಟು ಬಣ್ಣಗಟ್ಟಿದ ಸಕ್ಕರೆ ಅದು. ಪರೀಕ್ಷೆಯಲ್ಲಿ ಸಕ್ಕರೆಯಂತೆ ಕಾಣಿಸುತ್ತದೆ, ಯೀಸ್ಟ್‌ಗೆ ಮಾತ್ರ ಊಟವಲ್ಲ. ಹಾಗಾಗಿ ಒಂದು ಟನ್ ಕಾಕಂಬಿಯಲ್ಲಿ ನಿಜವಾಗಿ ಹುದುಗಬಲ್ಲ ಸಕ್ಕರೆ 430 ಕಿಲೋ.

ಇದರಿಂದ ಎಷ್ಟು ಆಲ್ಕೋಹಾಲ್ ಬರಬೇಕು? ಯೀಸ್ಟ್ ಮೊದಲು ಸುಕ್ರೋಸನ್ನು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆಮೇಲೆ ಗಾಳಿ ಇಲ್ಲದ ಜಾಗದಲ್ಲಿ ಇದು ನಡೆಯುತ್ತದೆ:

```
C6H12O6 → 2 C2H5OH + 2 CO2
```

180 ಗ್ರಾಂ ಸಕ್ಕರೆಗೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಂದರೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಗುಳ್ಳೆಯಾಗಿ ಹಾರಿಹೋಗುತ್ತದೆ. ಒಂದು ಕಿಲೋ ಸಕ್ಕರೆಗೆ 0.648 ಲೀಟರ್ ಆಲ್ಕೋಹಾಲ್, ಅದಕ್ಕಿಂತ ಜಾಸ್ತಿ ಯಾರಿಗೂ ಸಿಗುವುದಿಲ್ಲ. 430 ಕಿಲೋಗೆ ಸುಮಾರು 278 ಲೀಟರ್ ಆಯಿತು. ಆದರೆ ಯೀಸ್ಟ್ ತಾನೂ ಬೆಳೆಯಬೇಕು, ಸ್ವಲ್ಪ ಗ್ಲಿಸರಾಲ್ ಮಾಡುತ್ತದೆ, ಬಟ್ಟಿಯಲ್ಲೂ ಒಂದಿಷ್ಟು ನಷ್ಟ ಇರುತ್ತದೆ. ಹುದುಗುವಿಕೆಯಲ್ಲಿ 88 ಶೇಕಡಾ, ಬಟ್ಟಿಯಲ್ಲಿ 98.5 ಶೇಕಡಾ ಸಿಕ್ಕಿದರೆ ಟನ್ನಿಗೆ 241 ಲೀಟರ್. ಜನವರಿವರೆಗೂ ಇವರಿಗೆ ಅಷ್ಟು ಬರುತ್ತಿತ್ತು. ಮಾರ್ಚ್ ಹೊತ್ತಿಗೆ 226ಕ್ಕೆ ಇಳಿದಿತ್ತು.

ಟನ್ನಿಗೆ 15 ಲೀಟರ್ ಅಂದರೆ ದಿನಕ್ಕೆ 3,000 ಲೀಟರ್. ಅದರ ಮೇಲೆ ಈಗ ಗುಣಮಟ್ಟವೂ ಕೆಟ್ಟಿತ್ತು. ಎರಡೂ ಬೇರೆ ಬೇರೆ ಕಾಯಿಲೆ ಅಂದುಕೊಂಡು ಅವರು ಎರಡು ಕಡೆ ಔಷಧ ಮಾಡುತ್ತಿದ್ದರು. ಈ ಪ್ರಕರಣದ ಮೊದಲ ತಪ್ಪು ಅದೇ ಅಂತ ನನ್ನ ಅಭಿಪ್ರಾಯ.

ಅಷ್ಟರಲ್ಲಿ ಅವರು ಮಾಡಿ ನೋಡಿದ್ದು

ಮೊದಲು ಯೀಸ್ಟ್ ಮೇಲೆ ಅನುಮಾನ ಬಂತು. ಸುಮ್ನೆ ಬಂದ ಅನುಮಾನವಲ್ಲ, ಕೆಲಸ ಮಾಡುವುದು ಅದೇ ತಾನೇ. ಹೊಸ ಒಣ ಯೀಸ್ಟ್ ತರಿಸಿ ಹಾಕಿದರು. ಎರಡು ಬ್ಯಾಚ್ ಚೆನ್ನಾಗಿ ಬಂತು, ಮೂರನೆಯದು ಮತ್ತೆ ಹಳೇ ದಾರಿ ಹಿಡಿಯಿತು. ಆಮೇಲೆ ಯೂರಿಯಾ ಜಾಸ್ತಿ ಮಾಡಿದರು. ಕಾಕಂಬಿಯಲ್ಲಿ ಸಾರಜನಕ ಕಡಿಮೆ, ಆದ್ದರಿಂದ ಯೂರಿಯಾ ಮತ್ತು ಡಿಎಪಿ ಹಾಕುವುದು ವಾಡಿಕೆ. ಆದರೆ ಯೀಸ್ಟ್‌ಗೆ ಬೇಕಾದಷ್ಟು ಸಿಕ್ಕ ಮೇಲೆ ಇನ್ನಷ್ಟು ಕೊಟ್ಟರೆ ಆಲ್ಕೋಹಾಲ್ ಹೆಚ್ಚುವುದಿಲ್ಲ. ಏನೂ ಬದಲಾಗಲಿಲ್ಲ.

ಮೂರನೆಯದು ಆಮ್ಲ. ಯೀಸ್ಟ್‌ಗೆ ಪಿಎಚ್ 4.5ರಿಂದ 5ರವರೆಗೆ ಹಿತ. ಬ್ಯಾಕ್ಟೀರಿಯಾ ತಡೆಯಬೇಕು ಅಂತ ಇವರು ಗಂಧಕಾಮ್ಲ ಸುರಿದು ಫರ್ಮೆಂಟರನ್ನು, ಅಂದರೆ ಹುದುಗಿಸುವ ದೊಡ್ಡ ತೊಟ್ಟಿಯನ್ನು, 4.3ರಲ್ಲಿ ಶುರು ಮಾಡತೊಡಗಿದರು. ಈ ಆಮ್ಲದ ಕಥೆಗೆ ಆಮೇಲೆ ಬರುತ್ತೇನೆ. ಕೊನೆಗೆ ಆ್ಯಂಟಿಬಯಾಟಿಕ್. ನಾಲ್ಕು ದಿನ ಗುಣ ಕಂಡಿತು, ಐದನೇ ದಿನ ಇಲ್ಲ.

ಬಟ್ಟಿ ಕಡೆಯಲ್ಲಿ ಹಿರಿಯ ಆಪರೇಟರ್ ಒಬ್ಬರಿದ್ದರು. ಸ್ಪಿರಿಟ್ ಕೆಡುತ್ತಿದೆ ಅಂತ ಗೊತ್ತಾದಾಗ ಅವರು ಕಾಲಂನ, ಅಂದರೆ ಬಟ್ಟಿ ಇಳಿಸುವ ಎತ್ತರದ ಗೋಪುರದ, ತಲೆಭಾಗದಿಂದ ತೆಗೆಯುವ ಅಶುದ್ಧ ಸ್ಪಿರಿಟ್ಟನ್ನು ಒಟ್ಟು ಉತ್ಪಾದನೆಯ 4 ಶೇಕಡಾದಿಂದ 9 ಶೇಕಡಾಕ್ಕೆ ಏರಿಸಿದ್ದರು. ಅಷ್ಟು ತೆಗೆದರೂ ಪರ್ಮ್ಯಾಂಗನೇಟ್ ಒಂಬತ್ತು ನಿಮಿಷಕ್ಕೆ ಕೈಕೊಡುತ್ತಿತ್ತು.

ಸ್ಯಾಟಲೈಟ್ ಬಸ್ ನಿಲ್ದಾಣದ ಬಾಟಲಿಗಳು

ನಾವು ಮೊದಲು ವಾಷ್ ಕಳಿಸಿ ಅಂದೆವು. ವಾಷ್ ಅಂದರೆ ಹುದುಗಿ ಮುಗಿದ, ಇನ್ನೂ ಬಟ್ಟಿಗೆ ಹೋಗದ ದ್ರಾವಣ. ಅವರು ಆರು ಬಾಟಲಿ ತುಂಬಿಸಿ ಬಸ್ಸಿನಲ್ಲಿ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಕಳಿಸಿದರು. ನಮ್ಮ ಹುಡುಗ ಹೋಗಿ ತರುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು, ಟ್ರಾಫಿಕ್, ಒಟ್ಟು ಐದೂವರೆ ಗಂಟೆ. ಐಸ್ ಇರಲಿಲ್ಲ. ಎರಡು ಬಾಟಲಿಯ ಮುಚ್ಚಳ ಹಾರಿತ್ತು, ಡಬ್ಬದ ತುಂಬ ನೊರೆ.

ಮುಗಿದ ವಾಷ್ ಮುಚ್ಚಳ ಹಾರಿಸಬಾರದು. ಇಷ್ಟು ಹೊತ್ತು ಬಿಸಿಯಲ್ಲಿದ್ದ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ಎಣಿಸಿದರೆ ಅದು ಡಿಸ್ಟಿಲರಿಯ ಎಣಿಕೆಯಾಗುವುದಿಲ್ಲ, ಬಸ್ಸಿನ ಎಣಿಕೆಯಾಗುತ್ತದೆ. ಆ ಆರೂ ಬಾಟಲಿ ಚೆಲ್ಲಿದೆವು. ಮರುದಿನ ಬೆಳಗಿನ ಜಾವ ಮೈಕ್ರೋಸ್ಕೋಪ್, ಥರ್ಮಾಮೀಟರ್ ಮತ್ತು ಪಿಎಚ್ ಮೀಟರ್ ಹಿಡಿದು ನಾನೇ ಹೊರಟೆ.

ತೊಟ್ಟಿಯ ಪಕ್ಕ ನಿಂತು ನೋಡಿದಾಗ

ಮೊದಲು ಕೇಳಿದ್ದು ಉಳಿದ ಸಕ್ಕರೆಯ ರಿಜಿಸ್ಟರ್. ಯೀಸ್ಟ್ ಸೋಮಾರಿಯಾಗಿದ್ದರೆ ವಾಷ್‌ನಲ್ಲಿ ಸಕ್ಕರೆ ಉಳಿದಿರಬೇಕು, ಅಲ್ವಾ? ಚೆನ್ನಾಗಿ ನಡೆಯುತ್ತಿದ್ದ ದಿನಗಳಲ್ಲಿ ವಾಷ್‌ನಲ್ಲಿ 1.7 ಶೇಕಡಾ ಸಕ್ಕರೆ ಉಳಿಯುತ್ತಿತ್ತು, ಅದರಲ್ಲಿ ಬಹುಪಾಲು ಹುದುಗದ ಸಕ್ಕರೆ. ಈಗ 1.8. ಅಂದರೆ ಸಕ್ಕರೆ ಖಾಲಿಯಾಗಿತ್ತು, ಆದರೆ ಆಲ್ಕೋಹಾಲ್ 8.4ರ ಬದಲು 7.9 ಶೇಕಡಾಕ್ಕೆ ನಿಂತಿತ್ತು. ಯೀಸ್ಟ್ ತಿನ್ನದೆ ಬಿಟ್ಟಿಲ್ಲ. ಇನ್ಯಾರೋ ತಿಂದಿದ್ದಾರೆ.

ಈ ಎರಡು ಅಂಕಿ ಒಂದೇ ರಿಜಿಸ್ಟರಿನಲ್ಲಿ, ಅಕ್ಕಪಕ್ಕದ ಕಾಲಮ್ಮಿನಲ್ಲೇ ಇದ್ದವು. ಉಳಿದ ಸಕ್ಕರೆ ಸರಿಯಾಗಿದೆ ಅಂತ ನೋಡಿ ಹುದುಗುವಿಕೆ ಸರಿಯಾಗಿದೆ ಅಂತ ಟಿಕ್ ಹಾಕುತ್ತಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಹೀಗಾಗುತ್ತದೆ.

ಮೈಕ್ರೋಸ್ಕೋಪಿನಲ್ಲಿ ಕಳ್ಳರು ಸಿಕ್ಕಿದರು. ಯೀಸ್ಟ್ ಕೋಶಗಳು ದುಂಡಗೆ, ಮೊಟ್ಟೆಯ ಆಕಾರದಲ್ಲಿ, ಅಲ್ಲಲ್ಲಿ ಒಂದೊಂದಕ್ಕೆ ಪಕ್ಕದಲ್ಲಿ ಸಣ್ಣ ಮೊಗ್ಗು. ಮೆಥಿಲೀನ್ ಬ್ಲೂ ಹಾಕಿದರೆ ಜೀವಂತ ಯೀಸ್ಟ್ ಬಣ್ಣವಿಲ್ಲದೆ ಉಳಿಯುತ್ತದೆ, ಸತ್ತದ್ದು ನೀಲಿ ಕುಡಿಯುತ್ತದೆ. ನೂರಕ್ಕೆ ಮೂವತ್ತು ನೀಲಿ. ಆ ಮೊಟ್ಟೆಗಳ ಸಂದಿನಲ್ಲಿ, ಒಡೆದ ಬೆಂಕಿಕಡ್ಡಿ ಚೆಲ್ಲಿದ ಹಾಗೆ, ಸಣ್ಣ ಸಣ್ಣ ಕಡ್ಡಿಗಳು. ಲ್ಯಾಕ್ಟೋಬ್ಯಾಸಿಲಸ್ ಜಾತಿಯವು. ನಮ್ಮ ಮೊಸರಿನಲ್ಲಿ, ದೋಸೆ ಹಿಟ್ಟಿನಲ್ಲಿ ಕೆಲಸ ಮಾಡುವುದು ಇವುಗಳ ಬಳಗವೇ. ಅಡುಗೆಮನೆಯಲ್ಲಿ ಉಪಕಾರಿ, ಡಿಸ್ಟಿಲರಿಯಲ್ಲಿ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಮಾಡಿಬಿಡುತ್ತವೆ. ಆ ಆಮ್ಲ ಯೀಸ್ಟನ್ನೂ ಸುಸ್ತು ಮಾಡುತ್ತದೆ. ಸತ್ತ ಯೀಸ್ಟ್ ಒಡೆದು ಹೊರಗೆ ಬರುವ ಅಮೈನೋ ಆಮ್ಲಗಳು ಮತ್ತೆ ಇವಕ್ಕೇ ಆಹಾರ.

ಮಾರ್ಚಿನಲ್ಲಿ ಬೆಂಗಳೂರಿನ ಮನೆಗಳಲ್ಲೂ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಬೇಗ ಹುಳಿಯಾಗುತ್ತದೆ. ಬಿಸಿ ಏರಿದರೆ ಈ ಕಡ್ಡಿಗಳಿಗೆ ಹಬ್ಬ. ಹಾಗಾಗಿ ನಾನು ತಾಪ ಕೇಳಿದೆ. "32 ಡಿಗ್ರಿ ಮೇಡಂ, ಒಂದು ದಿನವೂ ದಾಟಿಲ್ಲ" ಅಂದರು ಶಿಫ್ಟ್ ಕೆಮಿಸ್ಟ್. ಪ್ಯಾನೆಲ್‌ನಲ್ಲೂ 32 ಅಂತಲೇ ಇತ್ತು. ಯೀಸ್ಟ್‌ಗೆ ಸರಿಯಾದ ತಾಪವೇ ಅದು.

ಆದರೂ ತೊಟ್ಟಿಯ ನಡುಭಾಗದ ಸ್ಯಾಂಪಲ್ ನಲ್ಲಿಯಿಂದ ಒಂದು ಜಗ್ ಹಿಡಿದು ನನ್ನ ಥರ್ಮಾಮೀಟರ್ ಅದ್ದಿದೆ. ಜಗ್ ಹಿಡಿದ ಕೈಗೇ ಬೆಚ್ಚಗಾಗಿತ್ತು. 37.5.

ಐದೂವರೆ ಡಿಗ್ರಿ ವ್ಯತ್ಯಾಸ ಹೇಗೆ ಬಂತು ಅಂತ ಪೈಪಿನ ಜಾಡು ಹಿಡಿದು ನಡೆದೆವು. ಹುದುಗುವಾಗ ಯೀಸ್ಟ್ ಶಾಖ ಬಿಡುತ್ತದೆ. ಲೀಟರಿಗೆ 150 ಗ್ರಾಂ ಹತ್ತಿರ ಸಕ್ಕರೆ ಇರುವ ದ್ರಾವಣವನ್ನು ತಂಪು ಮಾಡದೆ ಬಿಟ್ಟರೆ ಹದಿನೈದು ಡಿಗ್ರಿಯಷ್ಟು ಏರಬಹುದು. ಅದಕ್ಕೇ ವಾಷನ್ನು ಪಂಪ್ ಮಾಡಿ ಪ್ಲೇಟ್ ಕೂಲರ್ ಮೂಲಕ ಸುತ್ತಿಸಿ ಮತ್ತೆ ತೊಟ್ಟಿಗೆ ಬಿಡುತ್ತಾರೆ. ಇಲ್ಲಿ ತಾಪದ ಸೆನ್ಸರ್ ಇದ್ದದ್ದು ಕೂಲರ್‌ನಿಂದ ವಾಪಸ್ ಬರುವ ಪೈಪಿನಲ್ಲಿ. ಕೂಲರ್ ಒಳಗೆ ಹೂಳು ಕಟ್ಟಿ ಹರಿವು ಕಡಿಮೆಯಾಗಿತ್ತು. ಕಡಿಮೆ ಹರಿದರೆ ಹರಿದಷ್ಟು ಚೆನ್ನಾಗಿ ತಣ್ಣಗಾಗುತ್ತದೆ. ಹಾಗಾಗಿ ಸೆನ್ಸರ್ 32 ಅನ್ನುತ್ತಿತ್ತು, ತೊಟ್ಟಿ ಒಳಗೊಳಗೇ ಕಾಯುತ್ತಿತ್ತು. ಕೂಲರ್ ಕೆಟ್ಟಷ್ಟೂ ಅಂಕಿ ಚಂದ ಕಾಣುವ ಜಾಗ ಅದು.

ಹೂಳು ಎಲ್ಲಿಂದ ಬಂತು

ಒಂದು ಕೂಲರ್ ಬಿಚ್ಚಿಸಿದೆವು. ಪ್ಲೇಟುಗಳ ಮೇಲೆ ಕಂದು ಬಣ್ಣದ ಅಂಟು, ಅದರಡಿ ಬಿಳಿ ಬೂದು ಪದರ, ಉಗುರಿನಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರುತ್ತಿತ್ತು. ಅದು ಜಿಪ್ಸಂ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲು ಸುಣ್ಣ ಹಾಕುತ್ತಾರೆ, ಅದರ ಕ್ಯಾಲ್ಸಿಯಂ ಕಾಕಂಬಿಯಲ್ಲಿ ಉಳಿದಿರುತ್ತದೆ. ಅದಕ್ಕೆ ಗಂಧಕಾಮ್ಲ ಸೇರಿದರೆ ಕ್ಯಾಲ್ಸಿಯಂ ಸಲ್ಫೇಟ್ ಆಗಿ ಕೂರುತ್ತದೆ. ಬ್ಯಾಕ್ಟೀರಿಯಾ ತಡೆಯಲು ಹಾಕಿದ ಆಮ್ಲವೇ ಕೂಲರ್ ಮುಚ್ಚಿತ್ತು. ಕೂಲರ್ ಮುಚ್ಚಿದ್ದಕ್ಕೆ ತೊಟ್ಟಿ ಕಾಯಿತು. ತೊಟ್ಟಿ ಕಾದದ್ದಕ್ಕೆ ಬ್ಯಾಕ್ಟೀರಿಯಾ ಹೆಚ್ಚಿತು. ಅದಕ್ಕೆ ಇನ್ನಷ್ಟು ಆಮ್ಲ ಹಾಕಿದರು. ಲ್ಯಾಕ್ಟೋಬ್ಯಾಸಿಲಸ್ ಹುಳಿಯಲ್ಲೇ ಹುಟ್ಟಿ ಬೆಳೆಯುವ ಜೀವಿ, 4.3 ಪಿಎಚ್‌ಗೆ ಅದು ಹೆದರುವುದಿಲ್ಲ. ಆ ಅಂಟು ಪದರದೊಳಗೆ ಕೂತಿದ್ದ ಕಡ್ಡಿಗಳಿಗೆ ಆ್ಯಂಟಿಬಯಾಟಿಕ್ ಕೂಡ ಪೂರ್ತಿ ತಲುಪುತ್ತಿರಲಿಲ್ಲ. ನಾಲ್ಕು ದಿನದ ಗುಣ, ಐದನೇ ದಿನದ ವಾಪಸಾತಿ, ಎರಡೂ ಇದರಿಂದ ಅರ್ಥವಾದವು.

ಆ ಆಮ್ಲ ಅಲ್ಲಿಗೇ ನಿಲ್ಲುವುದೂ ಇಲ್ಲ. ಬಟ್ಟಿಯ ಬಿಸಿಯಲ್ಲಿ ಜಿಪ್ಸಂ ಕಾಲಂ ತಟ್ಟೆಗಳ ಮೇಲೆ ಗಟ್ಟಿಯಾಗಿ ಕಟ್ಟುತ್ತದೆ. ಉಳಿದ ಸಲ್ಫೇಟ್ ಸ್ಪೆಂಟ್ ವಾಷ್ ಜೊತೆ ಹೋಗುತ್ತದೆ. ಸ್ಪೆಂಟ್ ವಾಷ್ ಅಂದರೆ ಆಲ್ಕೋಹಾಲ್ ತೆಗೆದ ಮೇಲೆ ಕಾಲಂ ಕೆಳಗೆ ಉಳಿಯುವ ಕಡು ಕಂದು ನೀರು. ಒಂದು ಲೀಟರ್ ಆಲ್ಕೋಹಾಲ್‌ಗೆ ಇಂಥದ್ದು ಹತ್ತು ಲೀಟರಿಗೂ ಜಾಸ್ತಿ. ಇವರು ಅದನ್ನು ಬಯೋಗ್ಯಾಸ್ ಮಾಡಿ, ಉಳಿದದ್ದನ್ನು ಆವಿಯಾಗಿಸಿ ಬಾಯ್ಲರ್‌ನಲ್ಲಿ ಉರಿಸುತ್ತಿದ್ದರು, ಹೊಳೆಗೆ ಹನಿಯೂ ಬಿಡುವಂತಿಲ್ಲ. ಸಲ್ಫೇಟ್ ಜಾಸ್ತಿಯಾದರೆ ಬಯೋಗ್ಯಾಸ್ ತೊಟ್ಟಿಯಲ್ಲಿ ಮೀಥೇನ್ ಕಡಿಮೆಯಾಗಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಬಯೋಗ್ಯಾಸ್ ನೋಡಿಕೊಳ್ಳುವವರು ಫೆಬ್ರವರಿಯಿಂದಲೇ ವಾಸನೆ ಅಂತ ದೂರು ಬರೆದಿದ್ದರು. ಅದು ಬೇರೆ ವಿಭಾಗದ ಫೈಲಿನಲ್ಲಿತ್ತು.

ಕಣ್ಣುರಿ

ಸ್ಪಿರಿಟ್ ಯಾಕೆ ಕೆಟ್ಟಿತು ಅನ್ನುವುದಕ್ಕೆ ಸುಳಿವು ಕೊಟ್ಟವರು ಆ ಹಿರಿಯ ಆಪರೇಟರ್. ಊಟದ ಹೊತ್ತಿನಲ್ಲಿ ಪಕ್ಕ ಕೂತು ಹೇಳಿದರು: "ನೋಡಮ್ಮ, ಒಂದು ತಿಂಗಳಿಂದ ಮೇಲಿನ ಮಹಡಿಯಲ್ಲಿ ವೆಂಟ್ ಹತ್ತಿರ ಹೋದರೆ ಕಣ್ಣು ಉರಿಯುತ್ತೆ. ಈರುಳ್ಳಿ ಹೆಚ್ಚಿದ ಹಾಗೆ. ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ." ಇದನ್ನು ಯಾರಿಗಾದರೂ ಹೇಳಿದಿರಾ ಯಜಮಾನ್ರೇ ಅಂತ ಕೇಳಿದೆ. ಕಣ್ಣುರಿಗೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲವಲ್ಲ ಅಂದರು.

ಆ ಉರಿಯನ್ನು ಅರ್ಥ ಮಾಡಿಕೊಳ್ಳಲು ಕಾಲಂಗಳ ಕೆಲಸ ಸ್ವಲ್ಪ ಗೊತ್ತಿರಬೇಕು. ಮೊದಲ ಕಾಲಂ ವಾಷ್‌ನಿಂದ ಆಲ್ಕೋಹಾಲನ್ನು ಹಬೆಯಾಗಿ ಎತ್ತುತ್ತದೆ, ಜೊತೆಗೆ ಕಲ್ಮಶವೂ ಬರುತ್ತದೆ. ಎರಡನೆಯದರಲ್ಲಿ ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ಕಷ್ಟಪಟ್ಟು ಎತ್ತಿದ ಆಲ್ಕೋಹಾಲ್‌ಗೆ ಮತ್ತೆ ನೀರು ಬೆರೆಸುತ್ತಾರೆ. ನೀರು ಜಾಸ್ತಿಯಿದ್ದಾಗ ಆಲ್ಕೋಹಾಲ್ ಕೆಳಗೆ ಉಳಿಯುತ್ತದೆ, ಆಲ್ಡಿಹೈಡ್, ಎಸ್ಟರ್‌ನಂಥ ಕಲ್ಮಶಗಳು ಅದಕ್ಕಿಂತ ಸುಲಭವಾಗಿ ಮೇಲೇರುತ್ತವೆ. ಅವನ್ನು ತಲೆಭಾಗದಲ್ಲಿ ತೆಗೆದು ಬಿಡಬಹುದು. ಮೂರನೆಯದು ನೀರನ್ನು ಬಿಟ್ಟು 96 ಶೇಕಡಾದವರೆಗೆ ಗಟ್ಟಿ ಮಾಡುತ್ತದೆ. ಅದರ ನಡುವಿನ ತಟ್ಟೆಗಳಲ್ಲಿ ಫ್ಯೂಸೆಲ್ ಎಣ್ಣೆ ಸೇರುತ್ತದೆ. ಐಸೊಅಮೈಲ್ ಆಲ್ಕೋಹಾಲ್‌ನಂಥ ಭಾರದ ಆಲ್ಕೋಹಾಲ್‌ಗಳು ಅವು, ಯೀಸ್ಟ್‌ನ ಅಮೈನೋ ಆಮ್ಲಗಳ ವ್ಯವಹಾರದಿಂದ ಹುಟ್ಟುತ್ತವೆ. ಅಲ್ಲಿಂದ ತೆಗೆದು ನೀರು ಬೆರೆಸಿದರೆ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಬೇರೆ ಮಾರುತ್ತಾರೆ.

ಈಗ ಕಣ್ಣುರಿಗೆ ಬರೋಣ. ಬಿಸಿಯಲ್ಲಿ ಒದ್ದಾಡುವ ಯೀಸ್ಟ್ ಗ್ಲಿಸರಾಲ್ ಜಾಸ್ತಿ ಮಾಡುತ್ತದೆ. ಕೆಲವು ಲ್ಯಾಕ್ಟೋಬ್ಯಾಸಿಲಸ್‌ಗಳು ಆ ಗ್ಲಿಸರಾಲನ್ನು ಹಿಡಿದು ಇನ್ನೊಂದು ವಸ್ತು ಮಾಡುತ್ತವೆ. ಅದು ವಾಷ್‌ನಲ್ಲಿ ಸುಮ್ಮನೆ ಇರುತ್ತದೆ. ಹುಳಿ ವಾಷ್ ಕಾಲಂನಲ್ಲಿ ಕುದಿದಾಗ ನೀರು ಕಳೆದುಕೊಂಡು ಅಕ್ರೋಲಿನ್ ಆಗುತ್ತದೆ. ಕರಕಲಾದ ಎಣ್ಣೆಯ ಘಾಟು, ಕಣ್ಣೀರು ತರಿಸುವ ವಸ್ತು ಅದೇ. 53 ಡಿಗ್ರಿ ಸುಮಾರಿಗೇ ಕುದಿಯುವುದರಿಂದ ಕಾಲಂ ತಲೆಗೆ ಏರುತ್ತದೆ, ಪರ್ಮ್ಯಾಂಗನೇಟನ್ನು ಬೇಗ ತಿನ್ನುತ್ತದೆ. ಮೇಲಿನ ಮಹಡಿಯ ಕಣ್ಣುರಿ, ಪೀಣ್ಯದ ನಳಿಗೆಯಲ್ಲಿ ಮಾಸಿದ ಬಣ್ಣ, ಎರಡರ ಬೇರೂ ಫರ್ಮೆಂಟರ್‌ನಲ್ಲಿತ್ತು. ಲ್ಯಾಬಿಗೆ ಬಂದು ಗ್ಯಾಸ್ ಕ್ರೊಮೆಟೊಗ್ರಾಫ್‌ಗೆ ಹಾಕಿದಾಗ ಅಸಿಟಾಲ್ಡಿಹೈಡ್‌ನ ಗೆರೆ ಎತ್ತರವಾಗಿತ್ತು, ಅಕ್ರೋಲಿನ್ ಬರಬೇಕಾದ ಜಾಗದಲ್ಲೂ ಒಂದು ಸಣ್ಣ ಗುಡ್ಡ ಎದ್ದಿತ್ತು.

ಐಸ್ ಡಬ್ಬದಲ್ಲಿ ತಂದ ವಾಷ್‌ನ ಲೆಕ್ಕವೂ ಕೂಡಿತು. ಟನ್ನಿಗೆ 15 ಲೀಟರ್ ಕಡಿಮೆಯಾಗಿದೆ ಅಂದರೆ 23 ಕಿಲೋ ಸಕ್ಕರೆ ದಾರಿ ತಪ್ಪಿದೆ. ಒಂದು ಟನ್ ಕಾಕಂಬಿಗೆ 2,900 ಲೀಟರ್ ವಾಷ್, ಹಾಗಾಗಿ ಲೀಟರಿಗೆ 8 ಗ್ರಾಂ. ಇದರಲ್ಲಿ 1 ಗ್ರಾಂ ಉಳಿದ ಸಕ್ಕರೆಯಲ್ಲೇ ಇತ್ತು. 5 ಗ್ರಾಂ ಹತ್ತಿರ ಆಮ್ಲಗಳಾಗಿತ್ತು. ಮಿಕ್ಕ 2 ಗ್ರಾಂ ಗ್ಲಿಸರಾಲ್ ಮತ್ತು ಕೋಶಗಳ ಬೆಳವಣಿಗೆಗೆ ಹೋಗಿರಬೇಕು ಅಂತ ನಾವು ಅಂದಾಜು ಮಾಡಿದೆವು. ಹೀಗೆ ಲೆಕ್ಕ ಕೂಡಿಸುವವರೆಗೂ ನನಗೆ ನೆಮ್ಮದಿ ಇರಲಿಲ್ಲ. ಕಡ್ಡಿ ಕಂಡಿತು ಅನ್ನುವುದು ಅನುಮಾನ ಅಷ್ಟೇ. ಕಳೆದುಹೋದ ಸಕ್ಕರೆಯಷ್ಟೇ ಆಮ್ಲ ಸಿಕ್ಕರೆ ಅದು ಪುರಾವೆ.

ನಿಲ್ಲಿಸುವುದೋ, ಬೇಡವೋ

ಮ್ಯಾನೇಜರ್‌ಗೆ ಇನ್ನೊಂದು ದಾರಿ ಇತ್ತು. ಕೆಟ್ಟ ಸ್ಪಿರಿಟ್ಟನ್ನು ಇಂಧನ ಎಥೆನಾಲ್ ಮಾಡಿ ಪೆಟ್ರೋಲಿಗೆ ಬೆರೆಸಲು ಕೊಡುವುದು. ಆಲ್ಕೋಹಾಲನ್ನು ಬರೀ ಬಟ್ಟಿಯಿಂದ 97 ಶೇಕಡಾ ದಾಟಿಸಲು ಆಗುವುದಿಲ್ಲ. ಅಲ್ಲಿ ಹಬೆ ಮತ್ತು ದ್ರವದಲ್ಲಿ ನೀರಿನ ಪಾಲು ಒಂದೇ ಆಗಿಬಿಡುತ್ತದೆ. ಮುಂದೆ ಹೋಗಲು ಜಿಯೋಲೈಟ್ ಗುಂಡುಗಳು ಬೇಕು. ಅದರ ರಂಧ್ರ 3 ಆಂಗ್‌ಸ್ಟ್ರಂ. ನೀರಿನ ಅಣು ಒಳಗೆ ಹೊಕ್ಕು ಸಿಕ್ಕಿಕೊಳ್ಳುತ್ತದೆ, ದೊಡ್ಡದಾದ ಎಥೆನಾಲ್ ಹೊರಗೇ ಹರಿದು 99.6 ಶೇಕಡಾ ಆಗಿ ಬರುತ್ತದೆ. ಆ ಗುಂಡುಗಳು ನೀರನ್ನು ಹಿಡಿಯುತ್ತವೆಯೇ ಹೊರತು ಆಲ್ಡಿಹೈಡ್ ತೆಗೆಯುವ ಕೆಲಸ ಅವುಗಳದ್ದಲ್ಲ. ಇಂಧನಕ್ಕೆ ಪರ್ಮ್ಯಾಂಗನೇಟ್ ಪರೀಕ್ಷೆಯ ಕಾಟ ಇಲ್ಲ ನಿಜ, ಆದರೆ ಆಮ್ಲದ ಮಿತಿ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ದಿನದ 3,000 ಲೀಟರ್ ನಷ್ಟ ಹಾಗೇ ಉಳಿಯುತ್ತದೆ.

ನಾವು ಕೇಳಿದ್ದು ಒಂದೊಂದೇ ಫರ್ಮೆಂಟರ್ ನಿಲ್ಲಿಸಿ ಬುಡದಿಂದ ತೊಳೆಯಿರಿ ಅಂತ. ನಾಲ್ಕು ಫರ್ಮೆಂಟರ್, ಒಟ್ಟು ಒಂದೂವರೆ ದಿನದ ಉತ್ಪಾದನೆ ಹೋಗುತ್ತದೆ. ಅವರು ಒಂದು ರಾತ್ರಿ ಯೋಚಿಸಿದರು. ತಲೆಭಾಗದಲ್ಲಿ ಹೆಚ್ಚಾಗಿ ತೆಗೆಯುತ್ತಿದ್ದ 5 ಶೇಕಡಾ ಸ್ಪಿರಿಟ್ ಅಗ್ಗಕ್ಕೆ ಹೋಗುತ್ತಿತ್ತಲ್ಲ, ಅದೇ ದಿನಕ್ಕೆ 2,200 ಲೀಟರ್ ದಾಟುತ್ತದೆ. ಎರಡು ನಷ್ಟವನ್ನೂ ಕಾಗದದ ಮೇಲೆ ಪಕ್ಕಪಕ್ಕ ಬರೆದ ಮೇಲೆ ಬೆಳಿಗ್ಗೆ ಒಪ್ಪಿದರು.

ಜಿಪ್ಸಂ ಸಾಮಾನ್ಯ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಮೊದಲು ಬಿಸಿ ಕಾಸ್ಟಿಕ್ ಸುತ್ತಿಸಿ ಅಂಟು ತೆಗೆದರು. ಆಮೇಲೆ ಬಿಸಿ ವಾಷಿಂಗ್ ಸೋಡಾ ನೀರನ್ನು ಗಂಟೆಗಟ್ಟಲೆ ಸುತ್ತಿಸಿದರು. ಆಗ ಜಿಪ್ಸಂ ನಿಧಾನಕ್ಕೆ ಸುಣ್ಣದ ಕಲ್ಲಾಗಿ ಬದಲಾಗುತ್ತದೆ, ಅದನ್ನು ಸಲ್ಫಾಮಿಕ್ ಆಮ್ಲ ನೊರೆನೊರೆಯಾಗಿ ಕರಗಿಸುತ್ತದೆ. ಹೈಡ್ರೋಕ್ಲೋರಿಕ್ ಬೇಡ ಅಂತ ಖಡಾಖಂಡಿತವಾಗಿ ಹೇಳಿದ್ದೆ, ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟಿನಲ್ಲಿ ಸೂಜಿ ತೂತು ಮಾಡುತ್ತದೆ. ಸೆನ್ಸರನ್ನು ತೊಟ್ಟಿಯ ನಡುಭಾಗಕ್ಕೆ ತಂದರು. ಫರ್ಮೆಂಟರ್‌ಗೆ ಗಂಧಕಾಮ್ಲ ಹಾಕುವುದನ್ನು ಪೂರ್ತಿ ನಿಲ್ಲಿಸಿ, ಯೀಸ್ಟ್ ಬೆಳೆಸುವ ಸಣ್ಣ ತೊಟ್ಟಿಯಲ್ಲಿ ಮಾತ್ರ 4.5ಕ್ಕೆ ಇಳಿಸಿದರು. ಆ್ಯಂಟಿಬಯಾಟಿಕ್ ಕೂಡ ನಿಂತಿತು.

ಯೀಸ್ಟ್ ತೊಟ್ಟಿಯದೇ ಒಂದು ಅಭ್ಯಾಸವಿತ್ತು. ಅರ್ಧ ಫರ್ಮೆಂಟರ್‌ಗೆ ಬಿಟ್ಟು, ಉಳಿದರ್ಧಕ್ಕೆ ಹೊಸ ಕಾಕಂಬಿ ನೀರು ತುಂಬಿಸಿ ಮತ್ತೆ ಬೆಳೆಸುವುದು. ನಿನ್ನೆಯ ಮೊಸರಿನಿಂದ ಇವತ್ತಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪಿನಲ್ಲೇ ಹುಳಿ ಸೇರಿದ ಮೇಲೆ ಮುಂದಿನದೆಲ್ಲ ಹುಳಿಯೇ. ಹೊಸ ಯೀಸ್ಟ್ ಎರಡೇ ಬ್ಯಾಚಿಗೆ ಸೋತದ್ದು ಹೀಗೆ. ತೊಟ್ಟಿ ಖಾಲಿ ಮಾಡಿ, ಹಬೆ ಹಾಯಿಸಿ, ಹೊಸದಾಗಿ ಶುರು ಮಾಡಿದರು.

ಮತ್ತೆ ಬಂದ ಕಡ್ಡಿಗಳು

ಮೊದಲ ವಾರ ಚೆನ್ನಾಗಿತ್ತು. ತೊಟ್ಟಿ 32ರಿಂದ 33, ಮುಗಿದ ವಾಷ್‌ನ ಪಿಎಚ್ 4.6. ಹತ್ತನೇ ದಿನ ಮೂರನೇ ಫರ್ಮೆಂಟರ್‌ನಲ್ಲಿ ಮಾತ್ರ 4.3 ಬಂತು, ಮೈಕ್ರೋಸ್ಕೋಪಿನಲ್ಲಿ ಮತ್ತೆ ಕಡ್ಡಿಗಳು. ಒಂದರಲ್ಲಿ ಮಾತ್ರ ಬಂದಿದ್ದರಿಂದ ಯೀಸ್ಟ್ ತೊಟ್ಟಿ ನಿರಪರಾಧಿ ಅಂತಾಯಿತು. ಹುಡುಕಿದರೆ ಆ ಫರ್ಮೆಂಟರ್‌ಗೆ ಹೋಗುವ ಪೈಪಿನಲ್ಲಿ ಹಳೇ ಪಂಪ್ ಇದ್ದ ಜಾಗಕ್ಕೆ ಮುಚ್ಚಳ ಹಾಕಿ ಬಿಟ್ಟ ಒಂದು ಮೊಳದ ತುಂಡು ಸಿಕ್ಕಿತು. ಅದರಲ್ಲಿ ವಾಷ್ ನಿಂತೇ ಇರುತ್ತಿತ್ತು, ತೊಳೆಯುವ ನೀರು ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಬಿಚ್ಚಿದಾಗ ಬಂದ ವಾಸನೆ ವಾರದ ಹಳೇ ಮಜ್ಜಿಗೆಯದು. ಕತ್ತರಿಸಿ ತೆಗೆದರು. ಮೊದಲ ದಿನವೇ ಪೈಪನ್ನು ಕೊನೆಯವರೆಗೆ ನಡೆದು ನೋಡಿದ್ದರೆ ಇದು ಅಂದೇ ಸಿಗುತ್ತಿತ್ತು. ನಾನು ಕೂಲರ್ ಸಿಕ್ಕಿದ ಖುಷಿಯಲ್ಲಿ ಅಲ್ಲಿಗೇ ನಿಂತಿದ್ದೆ.

ಏಪ್ರಿಲ್ ಮಧ್ಯದ ಹೊತ್ತಿಗೆ ಹುದುಗುವಿಕೆ 87.5 ಶೇಕಡಾಕ್ಕೆ ಬಂತು, ಟನ್ನಿಗೆ ಸುಮಾರು 240 ಲೀಟರ್. ತಲೆಭಾಗದ ತೆಗೆತ 4 ಶೇಕಡಾಕ್ಕೆ ಇಳಿಯಿತು. ಪೀಣ್ಯದಲ್ಲಿ ಮತ್ತೆ ನಳಿಗೆ ಹಿಡಿದು ಕೂತೆ. ಮೂವತ್ತೆಂಟನೇ ನಿಮಿಷದವರೆಗೆ ಬಣ್ಣ ನಿಂತಿತು. ಶಿಫ್ಟ್ ರಿಜಿಸ್ಟರಿನಲ್ಲಿ ಈಗ ಆಲ್ಕೋಹಾಲ್, ಉಳಿದ ಸಕ್ಕರೆ ಮತ್ತು ಕೊನೆಯ ಪಿಎಚ್ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಆಪರೇಟರ್ ಹೇಳಿದ ಹಾಗೆ ವೆಂಟ್ ಹತ್ತಿರದ ವಾಸನೆಗೂ ಒಂದು ಕಾಲಂ ಹಾಕಿದ್ದಾರೆ.

ಮೇ ಕೊನೆಗೆ ಶಿಫ್ಟ್ ಕೆಮಿಸ್ಟ್ ಫೋನ್ ಮಾಡಿದರು. ಟನ್ನಿಗೆ 228ಕ್ಕೆ ಇಳಿದಿದೆ. ನನ್ನ ಎದೆ ಧಸಕ್ ಅಂದಿತು. ಅವರೇ ಮುಂದುವರಿಸಿದರು: "ಪಿಎಚ್ 4.6 ಇದೆ ಮೇಡಂ, ತೊಟ್ಟಿ 33, ಕಡ್ಡಿ ಇಲ್ಲ. ಆದರೆ ಉಳಿದ ಸಕ್ಕರೆ 2.2." ಈ ಸಲ ಸಕ್ಕರೆ ಕಳೆದಿರಲಿಲ್ಲ, ವಾಷ್‌ನಲ್ಲೇ ಕೂತಿತ್ತು. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇಟ್ಟ ಹಳೇ ಟ್ಯಾಂಕಿನ ಕಾಕಂಬಿ ಬಂದಿತ್ತಂತೆ. ಅವರು ಅದಾಗಲೇ ಸಣ್ಣ ಫ್ಲಾಸ್ಕಿನಲ್ಲಿ ಯೀಸ್ಟ್ ಧಾರಾಳವಾಗಿ ಹಾಕಿ ಮೂರು ದಿನ ಹುದುಗಿಸಿ, ಏನು ಉಳಿಯಿತು ಅಂತ ಅಳೆದಿದ್ದರು. ಹುದುಗದ ಸಕ್ಕರೆ 4ರಿಂದ 5.5 ಶೇಕಡಾಕ್ಕೆ ಏರಿತ್ತು, ಒಟ್ಟು ಸಕ್ಕರೆಯೂ ಅರ್ಧ ಶೇಕಡಾ ಇಳಿದಿತ್ತು. ಹುದುಗಬಲ್ಲದ್ದು 410 ಕಿಲೋ ಮಾತ್ರ. ಅದಕ್ಕೆ ಲೆಕ್ಕ ಹಾಕಿದರೆ ಹುದುಗುವಿಕೆ 87 ಶೇಕಡಾ, ಯೀಸ್ಟ್ ತನ್ನ ಕೆಲಸ ಪೂರ್ತಿ ಮಾಡಿತ್ತು.

"ಯೀಸ್ಟ್ ತರಿಸಬೇಕಾ ಅಂತ ಮ್ಯಾನೇಜರ್ ಕೇಳಿದರು" ಅಂದರು. "ಬೇಡ ಸರ್, ಆ ಟ್ಯಾಂಕನ್ನು ಹೊಸ ಕಾಕಂಬಿ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ ಖಾಲಿ ಮಾಡೋಣ ಅಂದೆ. ಸರಿ ತಾನೇ ಮೇಡಂ?"

ಸರಿ ಅಂದೆ.